ಎಲ್ಲರೂ, ಕೆಲವರು, ಹೆಚ್ಚಿನವರು

ಉತ್ತರಪತ್ರಿಕೆ ಮತ್ತು ಅಸೈನ್‌ಮೆಂಟ್ ತಿದ್ದುವಾಗ ನನ್ನ ಕೆಂಪು ಪೆನ್ನು ದೊಡ್ಡ ದೊಡ್ಡ ಪಾರಿಭಾಷಿಕ ಶಬ್ದಗಳ ಹತ್ತಿರ ಅಷ್ಟಾಗಿ ನಿಲ್ಲುವುದಿಲ್ಲ. ಅದು ನಿಲ್ಲುವುದು ‘ಎಲ್ಲ’, ‘ಕೆಲವು’, ‘ಹೆಚ್ಚಿನ’, ‘ಅನೇಕ’ ಎಂಬ ಸಣ್ಣ ಶಬ್ದಗಳ ಹತ್ತಿರ. ಇವುಗಳ ಅರ್ಥ ಗೊತ್ತಿಲ್ಲದವರು ಯಾರೂ ಇಲ್ಲ. ಸಂತೆಯಲ್ಲಿ, ಬಸ್‌ ಸ್ಟ್ಯಾಂಡಿನಲ್ಲಿ, ಮನೆಯಲ್ಲಿ ದಿನವಿಡೀ ಬಳಸುತ್ತೇವೆ. ಅಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. “ಊರಿನ ಮಂದಿಯೆಲ್ಲ ಉರುಸಿಗೆ ಹೋಗಿದ್ದರು” ಎಂದರೆ ಹಾಸಿಗೆ ಹಿಡಿದ ಅಜ್ಜನೂ ಹೋಗಿದ್ದನೇ ಎಂದು ಯಾರೂ ಕೇಳುವುದಿಲ್ಲ. ಆದರೆ ಸಮಾಜಶಾಸ್ತ್ರದ ಪ್ರಾಜೆಕ್ಟಿನಲ್ಲಿ, ಇತಿಹಾಸದ ಉತ್ತರದಲ್ಲಿ, ತರ್ಕಶಾಸ್ತ್ರದ ಲೆಕ್ಕದಲ್ಲಿ ಅದೇ ಶಬ್ದ ಒಂದು ಹೇಳಿಕೆಯಾಗುತ್ತದೆ. ಹೇಳಿದವರು ಅದಕ್ಕೆ ಆಧಾರ ಕೊಡಬೇಕಾಗುತ್ತದೆ.

ನಾನು ತರ್ಕಶಾಸ್ತ್ರ ಹೇಳಿಕೊಡುವವನು. ನಮ್ಮ ತರಗತಿಯಲ್ಲಿ ಗದಗ-ಬೆಟಗೇರಿಯ ಮಕ್ಕಳ ಜೊತೆಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬರುವವರೂ ಇದ್ದಾರೆ. ಒಮ್ಮೆ ‘ನಮ್ಮ ಭಾಗದ ಮನೆಮಾತುಗಳು’ ಎಂಬ ವಿಷಯದ ಮೇಲೆ ಒಂದೊಂದು ಪುಟ ಬರೆದು ತನ್ನಿ ಎಂದಿದ್ದೆ. ಬೆಟಗೇರಿಯ ಒಬ್ಬ ಹುಡುಗ ಎದ್ದು ನಿಂತು ತಾನು ಬರೆದದ್ದನ್ನು ಓದಿದ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: “ಕರ್ನಾಟಕದ ಮುಸ್ಲಿಮರೆಲ್ಲರ ಮನೆಮಾತು ಉರ್ದು.” ಅವನ ಮನೆಯಲ್ಲಿ ಉರ್ದು, ಓಣಿಯಲ್ಲಿ ಉರ್ದು, ನೆಂಟರ ಮನೆಗಳಲ್ಲಿಯೂ ಉರ್ದು. ಅವನಿಗೆ ಆ ವಾಕ್ಯದಲ್ಲಿ ಸಂಶಯ ಬರುವಂಥದ್ದು ಏನೂ ಇರಲಿಲ್ಲ.

ಹಿಂದಿನ ಬೆಂಚಿನಿಂದ ಮುಂಡರಗಿ ತಾಲ್ಲೂಕಿನ ಹಳ್ಳಿಯ ಒಬ್ಬ ಹುಡುಗಿ ಕೈಯೆತ್ತಿದಳು. “ಸರ್, ನಮ್ಮ ಮನ್ಯಾಗ ಅಜ್ಜಿಯಿಂದ ಹಿಡದು ಎಲ್ಲಾರೂ ಕನ್ನಡಾನ ಮಾತಾಡ್ತೀವ್ರಿ. ಹಂಗಾದ್ರ ಈ ವಾಕ್ಯದಾಗ ನಾವು ಇಲ್ಲೇನ್ರಿ?” ಎಂದಳು. ಅವರದು ನದಾಫರ ಮನೆ. ಹತ್ತಿ ಹಿಂಜುವ ಕಸುಬಿನಿಂದ ಬಂದ ಪಿಂಜಾರ ಅಥವಾ ನದಾಫ ಸಮುದಾಯದಲ್ಲಿ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. ಹುಡುಗ ಬಿಡಲಿಲ್ಲ. “ಒಂದೆರಡು ಮನಿ ಹಂಗ ಇರ್ತಾವ್ರಿ ಸರ್, ಅಷ್ಟಕ್ಕ ವಾಕ್ಯ ತಪ್ಪ ಆಗಂಗಿಲ್ರಿ” ಎಂದ. ಮತ್ತೊಬ್ಬ ನಗುತ್ತ, “ಹಂಗಾದ್ರ ಯಾವ ಮುಸ್ಲಿಮರೂ ಉರ್ದು ಮಾತಾಡಂಗಿಲ್ಲ ಅಂತ ಬರೀಬೇಕೇನ್ರಿ?” ಎಂದು ಕೇಳಿದ. ಆ ದಿನದ ಪಾಠವನ್ನು ಬದಿಗಿಟ್ಟು ಈ ಮೂರು ಮಾತುಗಳನ್ನೇ ತೆಗೆದುಕೊಂಡೆವು. ಅಲ್ಲಿ ಶುರುವಾದದ್ದು ನಾಲ್ಕೈದು ತರಗತಿಗಳಿಗೆ ಸಾಕಾಯಿತು. ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ‘ಎಲ್ಲ’ ಎಂಬ ಶಬ್ದ. ನಮ್ಮ ಪಠ್ಯದಲ್ಲಿ ಬರುವ ಎ, ಇ, ಐ, ಓ ಎಂಬ ನಾಲ್ಕು ವಾಕ್ಯಗಳು ನಿಮಗೆ ನೆನಪಿರಬಹುದು. ಎಲ್ಲ ಕ ಗಳೂ ಖ ಗಳು ಎಂಬುದು ಎ. ಯಾವ ಕ ಕೂಡ ಖ ಅಲ್ಲ ಎಂಬುದು ಇ. ಕೆಲವು ಕ ಗಳು ಖ ಗಳು ಎಂಬುದು ಐ. ಕೆಲವು ಕ ಗಳು ಖ ಗಳಲ್ಲ ಎಂಬುದು ಓ. ಇಲ್ಲಿ ‘ಎಲ್ಲ’ ಎಂದರೆ ಒಂದೂ ಬಿಡದೆ ಎಂದರ್ಥ. ಹಾಗಾಗಿ ಅದು ಸುಳ್ಳು ಎಂದು ತೋರಿಸಲು ಒಂದೇ ಒಂದು ಮನೆ ಸಾಕು. ಆ ಹುಡುಗಿಯ ಮನೆ ಅಂಥ ಒಂದು ಮನೆ. “ಒಂದೆರಡು ಮನೆ ಹಾಗಿರುತ್ತವೆ” ಎಂದು ಹುಡುಗ ಹೇಳಿದ ಕ್ಷಣದಲ್ಲೇ ತನ್ನ ‘ಎಲ್ಲ’ವನ್ನು ಅವನೇ ಬಿಟ್ಟುಕೊಟ್ಟಿದ್ದ. ಅವನ ಮನಸ್ಸಿನಲ್ಲಿದ್ದ ಶಬ್ದ ‘ಹೆಚ್ಚಿನವರು’, ಹಾಳೆಯ ಮೇಲಿದ್ದ ಶಬ್ದ ‘ಎಲ್ಲರು’. ಓದುವವರಿಗೆ ಸಿಗುವುದು ಹಾಳೆಯ ಮೇಲಿನ ಶಬ್ದ ಮಾತ್ರ.

ನಗುತ್ತ ಕೇಳಿದ ಹುಡುಗನ ಪ್ರಶ್ನೆಯೂ ತಮಾಷೆಗೆ ಬಿಡುವಂಥದ್ದಲ್ಲ. ‘ಎಲ್ಲರೂ ಹೌದು’ ಎಂಬುದು ಸುಳ್ಳಾದರೆ ‘ಯಾರೂ ಅಲ್ಲ’ ಎಂಬುದು ನಿಜವಾಗಬೇಕು ಎಂದು ಬಹಳ ಜನ ತಿಳಿಯುತ್ತಾರೆ. ಚರ್ಚಾಸ್ಪರ್ಧೆಗಳಲ್ಲಿ ಇದು ದಿನವೂ ನಡೆಯುತ್ತದೆ. ಎರಡೂ ವಾಕ್ಯಗಳು ಒಟ್ಟಿಗೆ ಸುಳ್ಳಾಗಬಹುದು, ನಮ್ಮ ವಿಷಯದಲ್ಲಿ ಎರಡೂ ಸುಳ್ಳೇ. ಎ ವಾಕ್ಯಕ್ಕೆ ನೇರ ವಿರುದ್ಧವಾದದ್ದು ಇ ಅಲ್ಲ, ಓ. ‘ಎಲ್ಲ ಮುಸ್ಲಿಮರ ಮನೆಮಾತು ಉರ್ದು’ ಎಂಬುದು ಬಿದ್ದರೆ ನಿಲ್ಲುವುದು ‘ಕೆಲವು ಮುಸ್ಲಿಮರ ಮನೆಮಾತು ಉರ್ದು ಅಲ್ಲ’ ಎಂಬುದು ಮಾತ್ರ. ಅದಕ್ಕಿಂತ ಒಂದು ಹೆಜ್ಜೆ ಹೆಚ್ಚು ಹೋಗಲು ಬೇರೆ ಆಧಾರ ಬೇಕು.

ಆಗ ಮುಂದಿನ ಸಾಲಿನ ಒಬ್ಬಳು ಇನ್ನೊಂದು ಉದಾಹರಣೆ ಕೊಟ್ಟಳು. “ಶಿಶುನಾಳ ಶರೀಫರು ಕನ್ನಡದಾಗ ಹಾಡು ಕಟ್ಟ್ಯಾರಲ್ರಿ ಸರ್?” ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ಶಿಶುವಿನಹಾಳ ಲಕ್ಷ್ಮೇಶ್ವರ, ಶಿರಹಟ್ಟಿಗೆ ದೂರದ ಊರಲ್ಲ. ಉದಾಹರಣೆ ಚೆನ್ನಾಗಿದೆ, ಆದರೆ ಈ ವಾಕ್ಯವನ್ನು ಬೀಳಿಸುವ ಉದಾಹರಣೆ ಅದಲ್ಲ. ನಮ್ಮ ವಾಕ್ಯ ಮನೆಮಾತಿನ ಬಗ್ಗೆ ಇದೆ, ಪದ ಕಟ್ಟಿದ ಭಾಷೆಯ ಬಗ್ಗೆ ಅಲ್ಲ. ಮನೆಯಲ್ಲಿ ಒಂದು ಭಾಷೆ ಆಡಿ ಇನ್ನೊಂದರಲ್ಲಿ ಬರೆದವರು ಕನ್ನಡದಲ್ಲಿಯೇ ಎಷ್ಟೋ ಜನ. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಶರೀಫರಿಂದ ಸಾಬೀತಾಗುವುದು ‘ಕೆಲವು ಮುಸ್ಲಿಮರು ಕನ್ನಡದಲ್ಲಿ ತತ್ವಪದ ಕಟ್ಟಿದ್ದಾರೆ’ ಎಂಬುದು. ವಾಕ್ಯವನ್ನು ಒಡೆಯಬೇಕಾದರೆ ಉದಾಹರಣೆ ಆ ವಾಕ್ಯ ಹೇಳುವ ಗುಣಕ್ಕೇ ತಾಗಬೇಕು.

ಅಲ್ಲಿಂದ ಇನ್ನೊಬ್ಬ ವಾಕ್ಯವನ್ನು ತಿರುಗಿಸಿದ: “ಉರ್ದು ಮಾತಾಡೋರೆಲ್ಲಾ ಮುಸ್ಲಿಮರು, ಇದರ ಖರೆ ಐತಲ್ರಿ?” ‘ಎಲ್ಲ ಕ ಗಳೂ ಖ ಗಳು’ ಎಂಬುದನ್ನು ‘ಎಲ್ಲ ಖ ಗಳೂ ಕ ಗಳು’ ಎಂದು ತಿರುಗಿಸಲು ಬರುವುದಿಲ್ಲ ಎಂಬುದು ನಿಮ್ಮ ಪಠ್ಯದ ಪರಿವರ್ತನೆಯ ಪಾಠದಲ್ಲಿಯೇ ಇದೆ. ತಿರುಗಿಸಿದಾಗ ‘ಎಲ್ಲ’ ಹೋಗಿ ‘ಕೆಲವು’ ಉಳಿಯುತ್ತದೆ. ಇಲ್ಲಿಯೂ ಹಾಗೆಯೇ. ಪ್ರೇಮಚಂದ್ ಎಂದು ನಾವು ಓದುವ ಧನಪತ್ ರಾಯ್ ಮೊದಲು ಬರೆಯತೊಡಗಿದ್ದು ಉರ್ದುವಿನಲ್ಲಿ. ಫಿರಾಕ್ ಗೋರಖಪುರಿ ಉರ್ದುವಿನ ದೊಡ್ಡ ಕವಿ, ಅವರ ಹೆಸರು ರಘುಪತಿ ಸಹಾಯ್. ಉರ್ದು ಆಡುವವರೆಲ್ಲ, ಬರೆಯುವವರೆಲ್ಲ ಒಂದೇ ಧರ್ಮದವರು ಎಂಬ ಮಾತು ಇಂಥ ಹೆಸರುಗಳ ಮುಂದೆ ನಿಲ್ಲುವುದಿಲ್ಲ.

ಇಷ್ಟಾದ ಮೇಲೆ ಬೆಟಗೇರಿಯ ಹುಡುಗ ತನ್ನ ವಾಕ್ಯವನ್ನು ತಿದ್ದಿ, “ಕರ್ನಾಟಕದ ಹೆಚ್ಚಿನ ಮುಸ್ಲಿಮರ ಮನೆಮಾತು ಉರ್ದು” ಎಂದು ಬರೆದ. ಇದು ನಿಜವೇ? ಇದಕ್ಕೆ ಒಂದು ಮನೆಯ ಉದಾಹರಣೆ ಸಾಲದು. ಉರ್ದುವಿನ ಹತ್ತು ಮನೆ, ಕನ್ನಡದ ಹತ್ತು ಮನೆ ತೋರಿಸಿದರೂ ಸಾಲದು. ‘ಹೆಚ್ಚಿನವರು’ ಎಂದರೆ ಅರ್ಧಕ್ಕಿಂತ ಹೆಚ್ಚು. ಅದನ್ನು ಹೇಳಬೇಕಾದರೆ ಒಟ್ಟು ಎಷ್ಟು ಎಂಬುದು ಮೊದಲು ಗೊತ್ತಿರಬೇಕು. ಹಾಗಾಗಿ ನಾವು 2011ರ ಜನಗಣತಿಗೆ ಹೋದೆವು.

ಆ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸ್ಲಿಮರ ಸಂಖ್ಯೆ ಸುಮಾರು 78.9 ಲಕ್ಷ. ಉರ್ದು ತಮ್ಮ ಭಾಷೆ ಎಂದು ಬರೆಸಿದವರು ಸುಮಾರು 66.2 ಲಕ್ಷ. ಇವು ಬೇರೆ ಬೇರೆ ಕೋಷ್ಟಕಗಳ ಅಂಕಿಗಳು. ಒಂದು ಧರ್ಮದ್ದು, ಇನ್ನೊಂದು ಭಾಷೆಯದು. ಇವೆರಡರಿಂದ ಏನು ಹೇಳಬಹುದು, ಏನು ಹೇಳಲಾಗದು ಎಂದು ನೋಡೋಣ.

ಉರ್ದು ಬರೆಸಿದವರೆಲ್ಲರೂ ಮುಸ್ಲಿಮರೇ ಎಂದು ಒಂದು ಗಳಿಗೆ ಒಪ್ಪಿಕೊಳ್ಳೋಣ. ಆಗಲೂ 78.9ರಲ್ಲಿ 66.2 ಕಳೆದರೆ 12.7 ಲಕ್ಷ ಉಳಿಯುತ್ತದೆ. ಅಂದರೆ ಸುಮಾರು 12.7 ಲಕ್ಷ ಮುಸ್ಲಿಮರು ಉರ್ದುವಲ್ಲದ ಬೇರೆ ಭಾಷೆ ಬರೆಸಿದ್ದಾರೆ. ಉರ್ದು ಬರೆಸಿದವರಲ್ಲಿ ಒಂದಿಷ್ಟು ಜನ ಬೇರೆ ಧರ್ಮದವರಿದ್ದರೆ ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ ಇಲ್ಲಿ ಬರೆಯಬೇಕಾದ ಶಬ್ದ ‘ಕನಿಷ್ಠ’: ಕನಿಷ್ಠ 12.7 ಲಕ್ಷ. ‘ಎಲ್ಲರೂ’ ಎಂಬುದು ಹೀಗೆ ಲೆಕ್ಕದಿಂದಲೂ ಬಿತ್ತು. ಇವರು ಯಾರು ಎಂದರೆ, ಕರಾವಳಿಯ ಬ್ಯಾರಿ ಆಡುವವರು, ಭಟ್ಕಳದ ನವಾಯತಿ ಆಡುವವರು, ಮಲಯಾಳಂ ಆಡುವವರು, ಆ ಹುಡುಗಿಯ ಮನೆಯವರಂತೆ ಕನ್ನಡ ಆಡುವವರು ಇವರಲ್ಲಿ ಸೇರುತ್ತಾರೆ.

ಇನ್ನು ‘ಹೆಚ್ಚಿನವರು’. 78.9 ಲಕ್ಷದ ಅರ್ಧ ಎಂದರೆ ಸುಮಾರು 39.5 ಲಕ್ಷ. ಉರ್ದು ಮನೆಮಾತಿನ ಮುಸ್ಲಿಮರು ಇದಕ್ಕಿಂತ ಹೆಚ್ಚಿದ್ದರೆ ವಾಕ್ಯ ನಿಜ. ಅದು ಸುಳ್ಳಾಗಬೇಕಾದರೆ ಉರ್ದು ಬರೆಸಿದ 66.2 ಲಕ್ಷದಲ್ಲಿ ಸುಮಾರು 26.7 ಲಕ್ಷ ಜನ, ಅಂದರೆ ನೂರಕ್ಕೆ ನಲವತ್ತರಷ್ಟು, ಮುಸ್ಲಿಮರಲ್ಲದವರಾಗಿರಬೇಕು. ಉರ್ದುವಿನಲ್ಲಿ ಬರೆದ ಹಿಂದೂ ಲೇಖಕರು ಉತ್ತರ ಭಾರತದಲ್ಲಿ ಇದ್ದದ್ದು ನಿಜ. ಆದರೆ ಕರ್ನಾಟಕದಲ್ಲಿ ಉರ್ದು ಮನೆಮಾತಿನ ನೂರರಲ್ಲಿ ನಲವತ್ತು ಮಂದಿ ಬೇರೆ ಧರ್ಮದವರು ಎಂಬುದನ್ನು ಈ ರಾಜ್ಯವನ್ನು ಬಲ್ಲ ಯಾರೂ ಒಪ್ಪುವುದಿಲ್ಲ. ಹಾಗಾಗಿ ‘ಹೆಚ್ಚಿನ’ ನಿಲ್ಲುತ್ತದೆ. ಒಂದು ವ್ಯತ್ಯಾಸ ಗಮನಿಸಿ. ‘ಎಲ್ಲರೂ ಅಲ್ಲ’ ಎಂಬುದು ಬರೀ ಕಳೆಯುವ ಲೆಕ್ಕದಿಂದ ಬಂತು, ಅದಕ್ಕೆ ಬೇರೆ ಏನನ್ನೂ ನಂಬಬೇಕಾಗಿರಲಿಲ್ಲ. ‘ಹೆಚ್ಚಿನವರು ಹೌದು’ ಎಂಬುದಕ್ಕೆ ಲೆಕ್ಕದ ಜೊತೆಗೆ ನಮಗೆ ತಿಳಿದ ಇನ್ನೊಂದು ಸಂಗತಿಯನ್ನೂ ಸೇರಿಸಿಕೊಂಡೆವು. ಒಳ್ಳೆಯ ಪ್ರಬಂಧದಲ್ಲಿ ಈ ಎರಡನೆಯದನ್ನು ಬಾಯಿಬಿಟ್ಟು ಹೇಳಿರುತ್ತಾರೆ.

ಈಗ ಆ 12.7 ಲಕ್ಷವನ್ನೇ ಮತ್ತೆ ನೋಡಿ. ಅದು ದೊಡ್ಡ ಸಂಖ್ಯೆ. ನಮ್ಮ ಇಡೀ ಗದಗ ಜಿಲ್ಲೆಯ ಜನಸಂಖ್ಯೆ ಅದೇ ಜನಗಣತಿಯಲ್ಲಿ ಸುಮಾರು 10.6 ಲಕ್ಷ. ಹಾಗಾಗಿ ‘ಕರ್ನಾಟಕದ ಅನೇಕ ಮುಸ್ಲಿಮರ ಮನೆಮಾತು ಉರ್ದು ಅಲ್ಲ’ ಎಂದು ಧಾರಾಳವಾಗಿ ಬರೆಯಬಹುದು. ಆದರೆ 78.9 ಲಕ್ಷದಲ್ಲಿ ಅದು ನೂರಕ್ಕೆ ಹದಿನಾರು. ‘ಕರ್ನಾಟಕದ ಮುಸ್ಲಿಮರಲ್ಲಿ ಕಡಿಮೆ ಪಾಲಿನವರ ಮನೆಮಾತು ಉರ್ದು ಅಲ್ಲ’ ಎಂಬುದೂ ಸರಿಯೇ. ಒಂದೇ ಅಂಕಿ ‘ಅನೇಕ’ವೂ ಹೌದು, ‘ಕಡಿಮೆ ಪಾಲು’ ಕೂಡ ಹೌದು. ಇದರಲ್ಲಿ ವಿರೋಧವಿಲ್ಲ. ‘ಅನೇಕ’, ‘ಹಲವು’ ಎಂಬ ಶಬ್ದಗಳು ತಲೆ ಎಣಿಸುತ್ತವೆ. ‘ಹೆಚ್ಚಿನವರು’, ‘ಬಹುಪಾಲು’ ಎಂಬವು ಒಟ್ಟಿನಲ್ಲಿ ಪಾಲು ಎಷ್ಟು ಎಂದು ಹೇಳುತ್ತವೆ. ‘ಅನೇಕರು’ ಎಂದು ಒಂದು ಪ್ಯಾರಾದಲ್ಲಿ ಬರೆದು, ಮುಂದಿನ ಪ್ಯಾರಾದಲ್ಲಿ ಅದನ್ನೇ ‘ಹೆಚ್ಚಿನವರು’ ಎಂದು ಬದಲಾಯಿಸುವುದು ಪ್ರಾಜೆಕ್ಟುಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಜಾರಿಕೆ. ಬರೆದವರಿಗೆ ಅದು ಶೈಲಿಗಾಗಿ ಮಾಡಿದ ಬದಲಾವಣೆ. ಓದುವವರ ಮಟ್ಟಿಗೆ ನೂರಕ್ಕೆ ಹದಿನಾರು ಇದ್ದದ್ದು ಐವತ್ತನ್ನು ದಾಟಿರುತ್ತದೆ.

‘ಹೆಚ್ಚಿನ’ ಎಂಬುದಕ್ಕೆ ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ‘ಹೆಚ್ಚಿನ ಮಾಹಿತಿಗೆ ಕಚೇರಿಯನ್ನು ಸಂಪರ್ಕಿಸಿ’ ಎಂದರೆ ಇನ್ನೂ ಬೇಕಾದ ಮಾಹಿತಿ ಎಂದರ್ಥ, ಅರ್ಧಕ್ಕಿಂತ ಹೆಚ್ಚು ಮಾಹಿತಿ ಎಂದಲ್ಲ. ‘ಈ ವರ್ಷ ಹೆಚ್ಚಿನ ವಿದ್ಯಾರ್ಥಿಗಳು ಕಲಾ ವಿಭಾಗಕ್ಕೆ ಸೇರಿದರು’ ಎಂದು ಬರೆದರೆ, ಹೋದ ವರ್ಷಕ್ಕಿಂತ ಹೆಚ್ಚು ಜನ ಸೇರಿದರೋ, ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಲಾ ವಿಭಾಗದವರೋ ತಿಳಿಯುವುದಿಲ್ಲ. ಅಂಥಲ್ಲಿ ‘ಅರ್ಧಕ್ಕಿಂತ ಹೆಚ್ಚು’ ಎಂದೋ ‘ಹೋದ ವರ್ಷಕ್ಕಿಂತ ಹೆಚ್ಚು’ ಎಂದೋ ಬಿಡಿಸಿ ಬರೆಯುವುದೇ ಒಳ್ಳೆಯದು.

ಇಷ್ಟು ಹೊತ್ತಿಗೆ ಹುಡುಗನಿಗೆ ಧೈರ್ಯ ಬಂದಿತ್ತು. “ಹಂಗಾದ್ರ ಮುಂಡರಗಿ ತಾಲ್ಲೂಕಿನ್ಯಾಗೂ ಹೆಚ್ಚಿನೋರದು ಉರ್ದುನ ಅಂತ ಬರೀಲೇನ್ರಿ?” ಎಂದ. ಇಲ್ಲಿ ನಿಲ್ಲಬೇಕು. ‘ಎಲ್ಲ’ ಎಂಬುದು ದೊಡ್ಡ ಗುಂಪಿನಿಂದ ಸಣ್ಣ ಗುಂಪಿಗೆ ಇಳಿಯುತ್ತದೆ. ಕಾಲೇಜಿನ ಎಲ್ಲರೂ ಗುರುತಿನ ಚೀಟಿ ಪಡೆದಿದ್ದರೆ ನಮ್ಮ ತರಗತಿಯ ಎಲ್ಲರೂ ಪಡೆದಿರಲೇಬೇಕು. ‘ಹೆಚ್ಚಿನವರು’ ಹಾಗೆ ಇಳಿಯುವುದಿಲ್ಲ. ಹಲಗೆಯ ಮೇಲೆ ಒಂದು ಕಲ್ಪಿತ ಲೆಕ್ಕ ಬರೆದೆ. ನಾಲ್ಕು ಊರು, ಒಂದೊಂದರಲ್ಲಿ ನೂರು ಮನೆ. ಮೊದಲ ಊರಿನಲ್ಲಿ 95 ಮನೆಗಳಲ್ಲಿ ಉರ್ದು, ಎರಡನೆಯದರಲ್ಲಿ 90, ಮೂರನೆಯದರಲ್ಲಿ 85, ನಾಲ್ಕನೆಯದರಲ್ಲಿ 30. ಕೂಡಿಸಿದರೆ 400ರಲ್ಲಿ 300, ಅಂದರೆ ನೂರಕ್ಕೆ 75. ‘ಈ ನಾಲ್ಕು ಊರುಗಳ ಹೆಚ್ಚಿನ ಮನೆಗಳಲ್ಲಿ ಉರ್ದು’ ಎಂಬುದು ನಿಜ. ‘ನಾಲ್ಕನೆಯ ಊರಿನ ಹೆಚ್ಚಿನ ಮನೆಗಳಲ್ಲಿ ಉರ್ದು’ ಎಂಬುದು ಶುದ್ಧ ಸುಳ್ಳು, ಅಲ್ಲಿ 70 ಮನೆಗಳಲ್ಲಿ ಬೇರೆ ಮಾತು. ಇಡೀ ರಾಜ್ಯದ ಸರಾಸರಿಯನ್ನು ತಂದು ಒಂದು ತಾಲ್ಲೂಕಿನ ಮೇಲೆ, ಒಂದು ಹಳ್ಳಿಯ ಮೇಲೆ, ಒಂದು ಮನೆಯ ಮೇಲೆ ಹೇರುವುದು ಹೀಗೆಯೇ ತಪ್ಪುತ್ತದೆ. ಮುಂಡರಗಿ ಬಗ್ಗೆ ಬರೆಯಬೇಕಾದರೆ ಮುಂಡರಗಿಯ ಅಂಕಿಯೇ ಬೇಕು.

ಏರುವ ದಾರಿಯಲ್ಲೂ ಇದೇ ಎಚ್ಚರ ಬೇಕು. “ನಮ್ಮ ತರಗತಿಯಲ್ಲೇ ಕೇಳಿ ಲೆಕ್ಕ ಹಾಕೋಣ” ಎಂದು ಒಬ್ಬಳು ಸೂಚಿಸಿದಳು. ಕೇಳಬಹುದು, ಆದರೆ ಅದರಿಂದ ಬರುವ ವಾಕ್ಯ ನಮ್ಮ ತರಗತಿಯದ್ದಷ್ಟೇ. ಮುಸ್ಲಿಂ ಆಡಳಿತದ ಒಂದು ಪಿಯು ಕಾಲೇಜಿಗೆ, ಅದರಲ್ಲೂ ದಿನವೂ ಬಸ್ಸಿನಲ್ಲಿ ಬಂದುಹೋಗಲು ಸಾಧ್ಯವಿರುವ ಊರುಗಳಿಂದ, ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಮಕ್ಕಳು ನಾವು. ಬಸ್ಸಿಲ್ಲದ ಊರಿನವರು, ಹತ್ತನೆಯ ತರಗತಿಗೇ ಶಾಲೆ ಬಿಟ್ಟವರು, ಬೇರೆ ಕಾಲೇಜಿಗೆ ಹೋದವರು ಈ ಲೆಕ್ಕದಲ್ಲಿಲ್ಲ. ಹಾಗಾಗಿ ‘ನಮ್ಮ ತರಗತಿಯ ಇಷ್ಟು ಮಂದಿಯಲ್ಲಿ ಇಷ್ಟು ಮಂದಿ’ ಎಂದು ಬರೆದರೆ ಯಾರೂ ತಕರಾರು ಮಾಡಲಾರರು. ‘ಗದಗ ಜಿಲ್ಲೆಯಲ್ಲಿ’ ಎಂದು ಬರೆದ ಕೂಡಲೇ ಬಾರದಿದ್ದವರ ಪರವಾಗಿಯೂ ನಾವು ಮಾತಾಡಿದಂತೆ ಆಗುತ್ತದೆ.

ಕನ್ನಡದಲ್ಲಿ ಈ ಶಬ್ದಗಳ ಅರ್ಥ ಬರೀ ಶಬ್ದದಲ್ಲಿಲ್ಲ, ಅದರ ಬಾಲದಲ್ಲಿಯೂ ಇದೆ. ‘ಕೆಲವರು ಪಾಸಾದರು’ ಎಂದರೆ ಒಂದಿಷ್ಟು ಜನ ಪಾಸಾದರು ಎಂಬ ಸುದ್ದಿ. ‘ಕೆಲವರೇ ಪಾಸಾದರು’ ಎಂದರೆ ಬಹಳ ಕಡಿಮೆ ಜನ ಎಂಬ ಕೊರಗು. ಒಂದು ಏಕಾರ ಸೇರಿದ್ದಕ್ಕೆ ‘ಕೆಲವು’ ಹೋಗಿ ‘ಅಲ್ಪ’ವಾಯಿತು. ‘ಯಾರು ಬಂದರು’ ಎಂಬುದು ಪ್ರಶ್ನೆ, ‘ಯಾರೂ ಬರಲಿಲ್ಲ’ ಎಂಬುದು ಪೂರ್ತಿ ನಿಷೇಧ. ಅಲ್ಲಿ ಕೆಲಸ ಮಾಡಿದ್ದು ಊಕಾರ. ಪರೀಕ್ಷೆಯ ಅವಸರದಲ್ಲಿ ಒಂದು ದೀರ್ಘ ಬಿಟ್ಟುಹೋದರೆ ಬರೀ ಕಾಗುಣಿತದ ತಪ್ಪಾಗಿ ಉಳಿಯುವುದಿಲ್ಲ, ಹೇಳಿಕೆಯೇ ಬದಲಾಗಬಹುದು.

‘ಕೆಲವು’ ಎಂಬುದಕ್ಕೂ ಎರಡು ಬಗೆಯ ಬಳಕೆ ಇದೆ. ತರ್ಕಶಾಸ್ತ್ರದಲ್ಲಿ ‘ಕೆಲವು’ ಎಂದರೆ ಕನಿಷ್ಠ ಒಂದು. ಎಲ್ಲವೂ ಇರಬಹುದು, ಅದನ್ನು ಅದು ತಳ್ಳಿಹಾಕುವುದಿಲ್ಲ. ಮಾತಿನಲ್ಲಿ ಹಾಗಲ್ಲ. ‘ಕೆಲವು ಹುಡುಗರು ಫೀ ಕಟ್ಟಿದ್ದಾರೆ’ ಎಂದು ಗುಮಾಸ್ತರು ಹೇಳಿದರೆ ಉಳಿದವರು ಕಟ್ಟಿಲ್ಲ ಎಂದು ನಾವು ತಿಳಿಯುತ್ತೇವೆ. ತರ್ಕದ ಪ್ರಶ್ನೆಗೆ ಉತ್ತರಿಸುವಾಗ ಮೊದಲ ಅರ್ಥ ಹಿಡಿಯಬೇಕು. ಸಮಾಜಶಾಸ್ತ್ರದ ಪ್ರಬಂಧ ಬರೆಯುವಾಗ ಓದುಗ ಎರಡನೆಯ ಅರ್ಥ ಹಿಡಿಯುತ್ತಾನೆ ಎಂಬುದು ನೆನಪಿನಲ್ಲಿರಬೇಕು. ಉಳಿದವರ ವಿಷಯ ನಿಮಗೆ ಗೊತ್ತಿಲ್ಲದಿದ್ದರೆ ‘ನಾವು ಕೇಳಿದವರಲ್ಲಿ ಕೆಲವರು’ ಎಂದು ಬರೆಯಿರಿ.

ಎಲ್ಲಕ್ಕಿಂತ ಕಷ್ಟದ್ದು ‘ಎಲ್ಲ’ ಮತ್ತು ‘ಇಲ್ಲ’ ಒಂದೇ ವಾಕ್ಯದಲ್ಲಿ ಕೂಡಿದಾಗ. ಚರ್ಚೆಯ ಕೊನೆಗೆ ಒಬ್ಬ ಹೀಗೆ ಬರೆದು ತೋರಿಸಿದ: “ಎಲ್ಲ ಮುಸ್ಲಿಂ ಮನೆಗಳಲ್ಲಿ ಉರ್ದು ಮಾತಾಡುವುದಿಲ್ಲ.” ಅವನ ಉದ್ದೇಶ, ಕೆಲವು ಮನೆಗಳಲ್ಲಿ ಉರ್ದು ಇಲ್ಲ ಎಂದು ಹೇಳುವುದು. ಆದರೆ ಅದನ್ನೇ ಇನ್ನೊಬ್ಬರು, ಯಾವ ಮನೆಯಲ್ಲೂ ಉರ್ದು ಇಲ್ಲ ಎಂದು ಓದಬಹುದು. ಬಾಯಲ್ಲಿ ಹೇಳುವಾಗ ‘ಎಲ್ಲ’ದ ಮೇಲೆ ಒತ್ತು ಹಾಕಿ ಅರ್ಥ ತಿಳಿಸುತ್ತೇವೆ. ಹಾಳೆಯ ಮೇಲೆ ಆ ಒತ್ತು ಕಾಣುವುದಿಲ್ಲ. ಮೊದಲ ಅರ್ಥ ಬೇಕಾದರೆ ‘ಎಲ್ಲ ಮನೆಗಳಲ್ಲೂ ಉರ್ದು ಮಾತಾಡುತ್ತಾರೆ ಎಂಬುದು ನಿಜವಲ್ಲ’ ಎಂದೋ ‘ಕೆಲವು ಮನೆಗಳಲ್ಲಿ ಉರ್ದು ಮಾತಾಡುವುದಿಲ್ಲ’ ಎಂದೋ ಬರೆಯಬೇಕು. ಎರಡನೆಯದು ಬೇಕಾದರೆ ‘ಯಾವ ಮನೆಯಲ್ಲೂ’ ಎಂದೇ ಬರೆಯಬೇಕು.

ಇಂಥ ಇಬ್ಬಗೆಯ ಅರ್ಥವನ್ನು ಭಾಷಾವಿಜ್ಞಾನಿಗಳು ಕನ್ನಡದ ಮಕ್ಕಳಲ್ಲಿಯೇ ಪರೀಕ್ಷಿಸಿದ್ದಾರೆ. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಎಂಬ ಇಬ್ಬರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮತ್ತು ಕನ್ನಡ ಆಡುವ ನಾಲ್ಕು ವರ್ಷದ ಮಕ್ಕಳನ್ನು ಹೋಲಿಸಿದರು. ಅವರು ತೆಗೆದುಕೊಂಡದ್ದು ‘ಅವನು ಎರಡು ಪುಸ್ತಕ ಓದಲಿಲ್ಲ’ ಎಂಬ ಬಗೆಯ ವಾಕ್ಯಗಳನ್ನು. ಇದಕ್ಕೆ, ಓದಿದ ಪುಸ್ತಕಗಳು ಎರಡು ಆಗಲಿಲ್ಲ, ಒಂದೋ ಸೊನ್ನೆಯೋ ಇರಬಹುದು ಎಂಬುದು ಒಂದು ಅರ್ಥ. ಓದದೇ ಉಳಿದ ಪುಸ್ತಕಗಳು ಎರಡು ಇವೆ ಎಂಬುದು ಇನ್ನೊಂದು. ದೊಡ್ಡವರಿಗೆ ಎರಡೂ ಅರ್ಥ ಸಿಕ್ಕವು. ಎರಡೂ ಭಾಷೆಗಳ ಮಕ್ಕಳು ಮೊದಲನೆಯದರ ಕಡೆಗೇ ಬಲವಾಗಿ ವಾಲಿದರು. ಕನ್ನಡದಲ್ಲಿ ‘ಎರಡು’ ಮೊದಲು ಬಂದು ‘ಇಲ್ಲ’ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಿಷೇಧ ಮೊದಲು ಬರುತ್ತದೆ. ಆದರೂ ಮಕ್ಕಳ ಒಲವು ಒಂದೇ ಆಗಿತ್ತು. ಹಾಗಾಗಿ ಅವರು ಶಬ್ದಗಳು ಬರುವ ಸಾಲನ್ನಲ್ಲ, ವಾಕ್ಯದ ಒಳರಚನೆಯನ್ನು ಅನುಸರಿಸುತ್ತಾರೆ ಎಂದು ಸಂಶೋಧಕರು ತೀರ್ಮಾನಿಸಿದರು. ನಮಗೆ ಇಲ್ಲಿ ಬೇಕಾದದ್ದು ಇಷ್ಟು: ದೊಡ್ಡವರ ಕನ್ನಡದಲ್ಲಿ ಇಂಥ ವಾಕ್ಯಕ್ಕೆ ನಿಜವಾಗಿಯೂ ಎರಡು ಅರ್ಥಗಳಿವೆ. ತಿದ್ದುವವರು ಬೇಕೆಂದೇ ತಪ್ಪು ಓದುತ್ತಿದ್ದಾರೆ ಎಂದುಕೊಳ್ಳಬೇಡಿ.

ಕೊನೆಯದಾಗಿ, ಯಾವ ಶಬ್ದವೂ ಇಲ್ಲದ ವಾಕ್ಯಗಳು. ‘ಮುಂಡರಗಿಯ ರೈತರು ಈರುಳ್ಳಿ ಬೆಳೆಯುತ್ತಾರೆ’, ‘ಹುಡುಗಿಯರು ಗಣಿತಕ್ಕೆ ಹೆದರುತ್ತಾರೆ’, ‘ಮುಸ್ಲಿಮರು ಉರ್ದು ಮಾತಾಡುತ್ತಾರೆ’. ಇಲ್ಲಿ ಎಲ್ಲ, ಕೆಲವು, ಹೆಚ್ಚಿನ ಎಂದು ಏನೂ ಹೇಳಿಲ್ಲ. ಬರೆದವರನ್ನು ಕೇಳಿದರೆ “ನಾನು ಎಲ್ಲರೂ ಅಂದಿಲ್ಲವಲ್ಲ” ಎನ್ನುತ್ತಾರೆ. ಓದಿದವರ ತಲೆಯಲ್ಲಿ ಮಾತ್ರ ‘ಎಲ್ಲರೂ’ ಎಂದೇ ಕೂರುತ್ತದೆ. ಒಂದು ಉದಾಹರಣೆಯಿಂದ ಇಂಥ ವಾಕ್ಯವನ್ನು ಬೀಳಿಸಲು ಬರುವುದಿಲ್ಲ, ಅಂಕಿಯಿಂದ ಎತ್ತಿ ನಿಲ್ಲಿಸಲೂ ಬರುವುದಿಲ್ಲ. ಏಕೆಂದರೆ ಅದು ಎಷ್ಟು ಜನರ ಬಗ್ಗೆ ಮಾತಾಡುತ್ತಿದೆ ಎಂಬುದೇ ಅದರಲ್ಲಿಲ್ಲ. ಸಮುದಾಯಗಳ ಬಗ್ಗೆ ಹಬ್ಬುವ ಮಾತುಗಳಲ್ಲಿ ಈ ಬಗೆಯವು ಬಹಳ. ನಮ್ಮ ಬಗ್ಗೆ ಬೇರೆಯವರು ಹೀಗೆ ಬರೆದಾಗ ನಮಗೆ ಬೇಗ ಗೊತ್ತಾಗುತ್ತದೆ. ಬೇರೆಯವರ ಬಗ್ಗೆ ನಾವು ಬರೆಯುವಾಗಲೂ ಅದೇ ಅಳತೆ ಇರಬೇಕು. ಇಂಥ ವಾಕ್ಯ ಕಂಡರೆ ಮುಂದೆ ‘ಎಲ್ಲ’ವನ್ನು ಹಾಕಿ ಓದಿ, ನಂತರ ‘ಹೆಚ್ಚಿನ’ ಹಾಕಿ, ನಂತರ ‘ಕೆಲವು’ ಹಾಕಿ ಓದಿ. ನಿಮ್ಮ ಹತ್ತಿರ ಇರುವ ಆಧಾರ ಯಾವುದನ್ನು ಹೊರುತ್ತದೋ ಆ ಶಬ್ದವನ್ನು ಬರೆದುಬಿಡಿ.

ನಾಲ್ಕನೆಯ ದಿನ ಬೆಟಗೇರಿಯ ಹುಡುಗ ಮತ್ತು ಮುಂಡರಗಿ ಕಡೆಯ ಹುಡುಗಿ ಕೂಡಿ ಆ ವಾಕ್ಯವನ್ನು ಹೊಸದಾಗಿ ಬರೆದರು. “2011ರ ಜನಗಣತಿಯ ಅಂಕಿಗಳನ್ನು ಹೋಲಿಸಿದರೆ, ಕರ್ನಾಟಕದ ಮುಸ್ಲಿಮರಲ್ಲಿ ಹೆಚ್ಚಿನವರು ತಮ್ಮ ಭಾಷೆ ಉರ್ದು ಎಂದು ಬರೆಸಿದ್ದಾರೆ ಎಂದು ತಿಳಿಯಬಹುದು. ಆದರೆ ಕನಿಷ್ಠ 12.7 ಲಕ್ಷ ಜನ ಬೇರೆ ಭಾಷೆಗಳನ್ನು ಬರೆಸಿದ್ದಾರೆ. ಗದಗ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನ ಕೆಲವು ಮುಸ್ಲಿಂ ಕುಟುಂಬಗಳಿವೆ.” ಮೊದಲಿನ ವಾಕ್ಯಕ್ಕಿಂತ ಇದು ಉದ್ದ, ಕಂಠಪಾಠ ಮಾಡಲು ಸುಲಭವಲ್ಲ. ‘ಮನೆಮಾತು’ ಹೋಗಿ ‘ಬರೆಸಿದ್ದಾರೆ’ ಎಂದು ಬಂದದ್ದು ಹುಡುಗಿಯ ಸಲಹೆ. ಗಣತಿದಾರರು ಬಾಗಿಲಿಗೆ ಬಂದಾಗ ಜನ ಹೇಳಿದ್ದು ದಾಖಲಾಗುತ್ತದೆ, ಒಲೆಯ ಮುಂದೆ ಆಡಿದ ಮಾತು ದಾಖಲಾಗುವುದಿಲ್ಲ. ಮನೆಯಲ್ಲಿ ದಖನಿ ಆಡಿ ಉರ್ದು ಎಂದು ಬರೆಸುವವರಿದ್ದಾರೆ, ಎರಡು ಭಾಷೆ ಆಡಿ ಒಂದನ್ನೇ ತಾಯಿನುಡಿ ಎಂದು ಹೇಳುವವರಿದ್ದಾರೆ. ಆ ಮೂರು ವಾಕ್ಯಗಳಲ್ಲಿ ಪ್ರತಿಯೊಂದು ಶಬ್ದಕ್ಕೂ ಅವರ ಹತ್ತಿರ ಆಧಾರವಿತ್ತು, ಆಧಾರವಿಲ್ಲದ ಕಡೆ ವಾಕ್ಯ ನಿಂತಿತ್ತು.

‘2011ರ’ ಎಂಬ ಇಸವಿಯನ್ನೂ ಅವರು ಬಿಟ್ಟಿರಲಿಲ್ಲ. ಮುಂದಿನ ಜನಗಣತಿಗೆ ನಮ್ಮ ರಾಜ್ಯದಲ್ಲಿ ಗೊತ್ತುಪಡಿಸಿದ ದಿನ 2027ರ ಮಾರ್ಚ್ 1. ಆ ಅಂಕಿಗಳು ಬಂದಾಗ ‘ಹೆಚ್ಚಿನವರು’ ಹಾಗೆಯೇ ಉಳಿಯಬಹುದು, ‘ಕನಿಷ್ಠ 12.7 ಲಕ್ಷ’ ಬದಲಾಗುತ್ತದೆ. ಇಸವಿ ಹಾಕಿ ಬರೆದ ವಾಕ್ಯ ಆಗಲೂ ಸುಳ್ಳಾಗುವುದಿಲ್ಲ. ಅದರ ಪಕ್ಕದಲ್ಲಿ ಹೊಸದೊಂದನ್ನು ಬರೆಯಬೇಕಾಗುತ್ತದೆ, ಅಷ್ಟೇ.